ಅಕ್ಕನ ವೈಫೈಯಲ್ಲಿ ಒಂಬತ್ತನೆಯದು

ನಾನು ಹುಮನಾಬಾದಿನ ಶಾಲೆಯೊಂದರಲ್ಲಿ ಕಂಪ್ಯೂಟರ್ ಕಲಿಸುತ್ತೇನೆ. ಒಂದು ಶನಿವಾರ ಬಸವಕಲ್ಯಾಣದಿಂದ ಅಕ್ಕನ ಫೋನ್ ಬಂತು.

"ಏ, ನಮ್ಮ ವೈಫೈದಾಗ ಯಾರೋ ಹೊಕ್ಕಾರ. ಹೆಸರಿಲ್ಲ, ಗುರುತಿಲ್ಲ. ನಿಮ್ಮ ಮಾಮಾ ಬಾಜೂಕಿನ ಝೆರಾಕ್ಸ್ ಅಂಗಡಿಯವನೇ ಅಂತ ಹಟ ಹಿಡದಾರ. ನಾಳೆ ಬಾ."

ಮರುದಿನ ಮೊದಲ ಬಸ್ಸಿಗೇ ಹೋದೆ. ಅಕ್ಕನ ಗಂಡ, ನಾನು ಮಾಮಾ ಎಂದು ಕರೆಯುವ ಭಾವ, ಜಗಳಕ್ಕೆ ಹೊರಟವರಂತೆ ಅಂಗಿ ತೊಟ್ಟು ನಿಂತಿದ್ದರು.

"ತಡೀರಿ ಮಾಮಾ," ಎಂದೆ. "ಮೊದಲ ಅದು ಏನಂತ ನೋಡೋಣ. ಸುಳ್ಳೇ ಒಬ್ಬರ ಮ್ಯಾಲ ಹೊರಸಬಾರದು."

ರೂಟರಿನ ಪುಟ ತೆರೆದೆ. ಆಗ ಕೂಡಿಕೊಂಡಿದ್ದ ಸಾಧನಗಳು ಒಂಬತ್ತು. ಮನೆಯ ಫೋನು, ಟಿವಿ, ಲ್ಯಾಪ್‌ಟಾಪುಗಳ ವೈಫೈ ಒಂದೊಂದಾಗಿ ಆರಿಸಿ, ಪಟ್ಟಿಯಲ್ಲಿ ಯಾವ ಸಾಲು ಮಾಯವಾಗುತ್ತದೆಂದು ನೋಡಿದೆವು. ಗುರುತು ಸಿಕ್ಕ ಪ್ರತಿಯೊಂದಕ್ಕೂ ಹೆಸರಿಟ್ಟು, ಮನೆಯ ಜಾಲದಲ್ಲಿ ಯಾವಾಗಲೂ ಅದೇ ಐಪಿ ವಿಳಾಸ ಸಿಗುವಂತೆ ರೂಟರಿನಲ್ಲಿ ಕಾಯ್ದಿರಿಸಿದೆ. ಎಂಟು ಮುಗಿದವು. ಒಂದು ಉಳಿಯಿತು.

ಪ್ರತಿ ಸಾಧನಕ್ಕೂ ತಯಾರಕರೇ ಕೊಡುವ ಗುರುತು ಮ್ಯಾಕ್ ವಿಳಾಸ; ಅದರ ಮೊದಲ ಆರು ಅಕ್ಷರಗಳನ್ನು ಅಂತರ್ಜಾಲದಲ್ಲಿ ಹುಡುಕಿದರೆ ವೈಫೈ ಚಿಪ್ ಮಾಡುವ ಚೀನಾದ ಕಂಪನಿಯೊಂದು ಸಿಕ್ಕಿತು. ಅದರ ಚಿಪ್ ಹೆಚ್ಚಾಗಿ ಬಲ್ಬು, ಪ್ಲಗ್ಗು, ಮೀಟರುಗಳಲ್ಲಿ ಇರುತ್ತದೆ.

"ಇದು ಫೋನ್ ಇರಲಿಕ್ಕಿಲ್ಲ ಮಾಮಾ. ಎಲ್ಲೋ ಗ್ವಾಡಿಗೆ ಕುಂತಿರೋ ಸಾಮಾನು."

"ಸಾಮಾನು ಆದ್ರ ರಾತ್ರಿ ಎಲ್ಲಿ ಹೋಗ್ತದ?" ಎಂದಳು ಅಕ್ಕ. "ಎರಡು ದಿನ ನೋಡೀನಿ. ಮುಂಜಾನೆ ಬರ್ತದ, ಹೊತ್ತು ಮುಳುಗಿದ ಕೂಡಲೇ ಪಟ್ಟಿಯಾಗ ಇರಂಗಿಲ್ಲ."

ಹೊತ್ತು ಹುಟ್ಟಿದಾಗ ಏಳುವುದು, ಮುಳುಗಿದಾಗ ಮಲಗುವುದು! ನಾನೂ ಅಕ್ಕನೂ ಒಟ್ಟಿಗೇ ಮೇಲೆ ನೋಡಿದೆವು. ಕಳೆದ ತಿಂಗಳಷ್ಟೇ ಮಾಳಿಗೆಯ ಮೇಲೆ ಸೋಲಾರ್ ಹಾಕಿಸಿದ್ದರು.

ಮೆಟ್ಟಿಲು ಹಾರುತ್ತ ಹತ್ತಿದೆವು. ಗೋಡೆಯ ಇನ್ವರ್ಟರ್ ಡಬ್ಬಿಯ ಕೆಳಗೆ ಬೆರಳುದ್ದದ ಕಡ್ಡಿಯೊಂದನ್ನು ಸಿಕ್ಕಿಸಿದ್ದರು, ಹಸಿರು ದೀಪ ಮಿನುಗುತ್ತಿತ್ತು. ಬಿಸಿಲಿನ ಕರೆಂಟಿನಿಂದಲೇ ನಡೆಯುವ ಅದು ಎಷ್ಟು ವಿದ್ಯುತ್ ತಯಾರಾಯಿತೆಂಬ ಲೆಕ್ಕವನ್ನು ವೈಫೈ ಮೂಲಕ ಕಳಿಸುತ್ತದೆ. ಅಂಟಿಸಿದ್ದ ಚೀಟಿಯ ಮೇಲೆ ಹನ್ನೆರಡು ಅಕ್ಷರಗಳ ಮ್ಯಾಕ್ ವಿಳಾಸವಿತ್ತು. ನಾನು ಜೋರಾಗಿ ಓದುತ್ತ ಹೋದೆ, ಅಕ್ಕ ತನ್ನ ಫೋನಿನಲ್ಲಿ ತೆರೆದಿದ್ದ ರೂಟರಿನ ಪಟ್ಟಿಗೆ ತಾಳೆ ನೋಡಿದಳು.

"...ಏಳು, ಎ, ನಾಲ್ಕು."

"ಇದೇ! ಇದೇ ನೋಡು!" ಅಕ್ಕ ಕೂಗಿದ ದನಿಗೆ ಭಾವ ಮೇಲೆ ಓಡಿಬಂದರು. ಕಡ್ಡಿ ನೋಡಿ ಹಣೆ ಬಡಿದುಕೊಂಡರು.

"ಅಯ್ಯ, ಸೋಲಾರ್ ಕೂಡಿಸೋರು ವೈಫೈ ಪಾಸ್‌ವರ್ಡ್ ಕೇಳಿದ್ರವ್ವಾ. ನಾನೇ ಹೇಳೀನಿ!"

ನಕ್ಕು ನಕ್ಕು ನಾವು ಅಲ್ಲೇ ಕುಳಿತೆವು. ಒಂಬತ್ತನೆಯದಕ್ಕೂ 'ಮಾಳಿಗಿ' ಎಂದು ಹೆಸರಿಟ್ಟು ವಿಳಾಸ ಕಾಯ್ದಿರಿಸಿದೆ. ಕೆಳಗಿಳಿದು, ಸೋಲಾರಿನವರು ಕೊಟ್ಟಿದ್ದ ಕಾಗದ ಹುಡುಕಿ, ಅಕ್ಕನ ಫೋನಿಗೆ ಅದರ ಆ್ಯಪ್ ಹಾಕಿಕೊಟ್ಟೆ. ಆ ಗಳಿಗೆಯಲ್ಲಿ ಬಿಸಿಲು ಎಷ್ಟು ಕರೆಂಟು ಕೊಡುತ್ತಿದೆ ಎಂಬ ಅಂಕಿ ಪರದೆಯ ಮೇಲೆ ಏರುತ್ತಿತ್ತು. ಅಂಕಿ ಒಮ್ಮೆಲೇ ಇಳಿದಾಗ ಅಕ್ಕ ಅಂಗಳಕ್ಕೆ ಹೋಗಿ ಆಕಾಶ ನೋಡಿದಳು; ಸೂರ್ಯನಿಗೆ ಒಂದು ಮೋಡ ಅಡ್ಡ ಬಂದಿತ್ತು.