ದೊಡ್ಡಕ್ಕ ಇಲ್ಲದ ಮಧ್ಯಾಹ್ನ

ಬಡಾವಣೆಯ ಆ ಚಿಕ್ಕ ಆಸ್ಪತ್ರೆಯಲ್ಲಿ ಹಿರಿಯ ನರ್ಸನ್ನು ಎಲ್ಲರೂ ದೊಡ್ಡಕ್ಕ ಎಂದೇ ಕರೆಯುತ್ತಿದ್ದರು. ವೈದ್ಯರು ವಾರಕ್ಕೆರಡು ಸಲ ಮುಖ ತೋರಿಸಿ ಹೋಗುತ್ತಿದ್ದರು. ಉಳಿದ ದಿನ ಆಸ್ಪತ್ರೆಯ ಹೊಣೆ ದೊಡ್ಡಕ್ಕನದು. ಮೇಲಿನವರು ಕೆಳಗಿನವರ ಸೇವೆ ಮಾಡಬೇಕು ಎಂಬುದು ಅವಳ ನಂಬಿಕೆ. ಆಯಾ ಬರದಿದ್ದರೆ ನೆಲ ಒರೆಸುವವಳು ಅವಳೇ, ಔಷಧಿ ಕೊಡುವ ಅಣ್ಣನಿಗೆ ಬೆನ್ನು ನೋವಾದರೆ ಪೆಟ್ಟಿಗೆ ಹೊರುವವಳೂ ಅವಳೇ. ಚಿಕ್ಕ ನರ್ಸ್ ಒಮ್ಮೆ ಮಗುವೊಂದಕ್ಕೆ ಡ್ರಿಪ್ ಹಾಕಲು ಹೋಗಿ ನರ ಸಿಗದೆ ಒದ್ದಾಡಿದಾಗ, "ಬಿಡಮ್ಮಾ, ನಾನು ಹಾಕ್ತೀನಿ" ಎಂದು ಮೆಲ್ಲಗೆ ಸೂಜಿ ತೆಗೆದುಕೊಂಡಿದ್ದಳು. ಅಲ್ಲಿಂದಾಚೆಗೆ ಮಕ್ಕಳ ಡ್ರಿಪ್ಪೆಲ್ಲ ದೊಡ್ಡಕ್ಕನದೇ ಆಯಿತು. "ನಮ್ಮಕ್ಕ ಇರೋವಾಗ ನಮಗೇನು ಚಿಂತೆ" ಎಂದು ಚಿಕ್ಕ ನರ್ಸ್ ನಗುತ್ತಿದ್ದಳು.

ಆ ಬೇಸಿಗೆಯಲ್ಲಿ ನಲ್ಲಿಯ ನೀರು ಕೆಟ್ಟು ವಾಂತಿಭೇದಿ ಮನೆಮನೆಗೂ ಹಬ್ಬಿತು. ಬೆಂಚುಗಳು ಸಾಲದೆ ತಾಯಂದಿರು ಮಕ್ಕಳನ್ನು ಮಡಿಲಲ್ಲಿ ಹಾಕಿಕೊಂಡು ನೆಲದ ಮೇಲೆ ಕೂತರು. ಇನ್ನೊಬ್ಬ ನರ್ಸನ್ನಾದರೂ ಕಳಿಸಿ ಎಂದು ಬೇಡಿಕೊಳ್ಳಲು ದೊಡ್ಡಕ್ಕ ಒಂದು ದಿನ ಮೇಲಿನ ಕಚೇರಿಗೆ ಹೋದಳು. ಸಾಹೇಬರ ಕೋಣೆಯ ಮುಂದೆ ಕಾಯುತ್ತ ಫೋನಿನ ಸದ್ದು ಅಡಗಿಸಿ ಚೀಲದೊಳಗೆ ಇಟ್ಟಿದ್ದಳು.

ಅದೇ ಮಧ್ಯಾಹ್ನ ಒಬ್ಬಳು ತಾಯಿ ಮಗುವನ್ನು ಹೆಗಲಿಗೆ ಹಾಕಿಕೊಂಡು ಓಡಿ ಬಂದಳು. ಮಗುವಿನ ಕಣ್ಣು ಗುಳಿ ಬಿದ್ದಿತ್ತು, ಕೂಗಿದರೂ ರೆಪ್ಪೆ ಎತ್ತಲಿಲ್ಲ. ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ಮಡಿಕೆ ಹಾಗೇ ನಿಂತಿತ್ತು. ಚಿಕ್ಕ ನರ್ಸಿಗೆ ಗೊತ್ತಾಯಿತು: ಇದು ಚಮಚದಲ್ಲಿ ನೀರು ಕುಡಿಸುವ ಸ್ಥಿತಿಯಲ್ಲ, ಈಗಿಂದೀಗಲೇ ಡ್ರಿಪ್ ಹಾಕಬೇಕು. ವೈದ್ಯರು ಫೋನ್ ಎತ್ತಲಿಲ್ಲ. ಆಂಬುಲೆನ್ಸ್ ಬೇರೆಲ್ಲೋ ಹೋಗಿತ್ತು.

"ನೀನೇ ಹಾಕಮ್ಮಾ" ಎಂದ ಔಷಧಿಯ ಅಣ್ಣ.

"ನನ್ನ ಕೈಯಲ್ಲಿ ಆಗಲ್ಲ ಅಣ್ಣಾ. ಅಕ್ಕ ಇನ್ನೇನು ಬಂದ್ಬಿಡ್ತಾರೆ."

ಅವಳು ದೊಡ್ಡಕ್ಕನಿಗೆ ಮತ್ತೆ ಮತ್ತೆ ಫೋನ್ ಮಾಡಿದಳು. ಕೊನೆಗೆ ಧೈರ್ಯ ತಂದುಕೊಂಡು ಸೂಜಿ ಹಿಡಿದಾಗ ನರಗಳು ಬತ್ತಿಹೋಗಿ ಕೈಗೆ ಸಿಗಲೇ ಇಲ್ಲ. ದೊಡ್ಡಕ್ಕ ಗೇಟು ದಾಟಿ ಒಳಗೆ ಬರುವಾಗ ಆ ತಾಯಿ ತಣ್ಣಗಾದ ಮಗುವಿನ ಪಾದ ಉಜ್ಜುತ್ತಲೇ ಇದ್ದಳು. ಯಾರೂ ಅವಳನ್ನು ತಡೆಯಲಿಲ್ಲ.

ವಿಚಾರಣೆಗೆ ಬಂದ ಅಧಿಕಾರಿ ಚಿಕ್ಕ ನರ್ಸನ್ನು ಅಮಾನತು ಮಾಡುವ ಮಾತಾಡಿದರು. "ಆ ಹುಡುಗಿ ಕೈ ಪಳಗೋಕೆ ನಾನೇ ಬಿಡಲಿಲ್ಲ ಸಾರ್. ತಪ್ಪು ಹೊರಿಸೋದಾದ್ರೆ ನನ್ನ ಮೇಲೆ ಹೊರಿಸಿ" ಎಂದಳು ದೊಡ್ಡಕ್ಕ. ಅಧಿಕಾರಿ ಹಾಗೇ ಮಾಡಿದರು: ತಪ್ಪನ್ನು ಅವಳ ಹೆಸರಿಗೆ ಬರೆದು, ಇಬ್ಬರನ್ನೂ ಕೆಲಸದಲ್ಲಿ ಉಳಿಸಿದರು.

ಅವರು ಹೋದ ಮೇಲೆ ಅವಳು ಎಲ್ಲರನ್ನೂ ಕೂರಿಸಿಕೊಂಡಳು. "ಯಾರನ್ನೂ ಬಯ್ಯೋಕೆ ಕರೆದಿಲ್ಲ. ನಿಮಗೆ ನಾನೆಲ್ಲಿ ಅಡ್ಡ ಬಂದೆ, ಅದನ್ನ ಹೇಳಿ."

ಚಿಕ್ಕ ನರ್ಸ್ ತಲೆ ಎತ್ತದೆ ಹೇಳಿದಳು: "ನೀವು ನಮ್ಮ ಕಷ್ಟ ಎಲ್ಲ ಮೈಮೇಲೆ ಹಾಕ್ಕೊಂಡ್ರಿ ಅಕ್ಕಾ. ಅದರ ಜೊತೆ ನಮ್ಮ ಕೆಲಸಾನೂ ತಗೊಂಡ್ಬಿಟ್ರಿ. ನೀವಿಲ್ಲದೆ ಏನ್ ಮಾಡಬೇಕು ಅಂತ ನಮಗೆ ಗೊತ್ತೇ ಇರಲಿಲ್ಲ."

ಸೇವೆ ಎಂದುಕೊಂಡು ತಾನು ಜನರನ್ನು ಬೆಳೆಯಲು ಬಿಟ್ಟಿರಲಿಲ್ಲ ಎಂಬುದು ದೊಡ್ಡಕ್ಕನಿಗೆ ಅರಿವಾಗಿತ್ತು, ಆದರೆ ಆ ಅರಿವು ಬರಲು ಒಂದು ಮಗುವಿನ ಜೀವ ಹೋಗಬೇಕಾಯಿತು.

ಮರುದಿನವೇ ಅವಳು ವೈದ್ಯರ ಬೆನ್ನು ಹತ್ತಿದಳು. ಇಂಥ ಲಕ್ಷಣ ಕಂಡರೆ ನರ್ಸೇ ಚಿಕಿತ್ಸೆ ಶುರು ಮಾಡಬಹುದು ಎಂದು ಆದೇಶ ಬರೆದುಕೊಡಿ ಎಂದಳು.

"ಹೆಚ್ಚುಕಮ್ಮಿ ಆದ್ರೆ ನನ್ನ ತಲೆಗೆ ಬರುತ್ತಮ್ಮಾ" ಎಂದರು ಅವರು.

"ಕಲಿಸೋರೂ ನೀವೇ, ಪರೀಕ್ಷೆ ಮಾಡೋರೂ ನೀವೇ. ಪಾಸಾದವರು ಮಾತ್ರ ಹಾಕ್ತಾರೆ. ಉತ್ತರ ಕೊಡೋಕೆ ನಿಮ್ಮ ಪಕ್ಕದಲ್ಲಿ ನಾನಿರ್ತೀನಿ."

ಬೇಸರದಿಂದಲೇ ಅವರು ಸಹಿ ಹಾಕಿದರು. ಡ್ರಿಪ್ ಹಾಕಲು ಆಗದಿದ್ದರೆ ಮೂಗಿನ ಮೂಲಕ ಹೊಟ್ಟೆಗೆ ಇಳಿಸುವ ನಳಿಕೆಯಲ್ಲಿ ಉಪ್ಪು-ಸಕ್ಕರೆಯ ದ್ರಾವಣ ಹೇಗೆ ಕೊಡಬೇಕೆಂದೂ ಕಲಿಸಿಕೊಟ್ಟರು. ಚಿಕ್ಕ ನರ್ಸ್ ಅಭ್ಯಾಸ ಮಾಡುವಾಗ ದೊಡ್ಡಕ್ಕನ ಬೆರಳುಗಳು ತಾವಾಗಿಯೇ ಮುಂದಕ್ಕೆ ಹೋಗುತ್ತಿದ್ದವು. ಅವಳು ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ನಿಲ್ಲುತ್ತಿದ್ದಳು.

ಇನ್ನೊಬ್ಬ ನರ್ಸ್ ಬರಲೇ ಇಲ್ಲ. ನಲ್ಲಿಯ ನೀರೂ ಸರಿಹೋಗಲಿಲ್ಲ. ಚಿಕ್ಕ ನರ್ಸಿನ ಕೈಯಿಂದ ಕೆಲವು ಮಕ್ಕಳು ಬದುಕಿಕೊಂಡವು, ತೀರ ತಡವಾಗಿ ಬಂದ ಒಂದು ಉಳಿಯಲಿಲ್ಲ. ಆ ದಿನ ಔಷಧಿಯ ಅಣ್ಣ, "ನೀವು ಹೋಗಿ ಊಟ ಮಾಡಿ, ಜನರನ್ನ ನಾನು ನೋಡ್ಕೋತೀನಿ" ಎಂದು ಇಬ್ಬರು ನರ್ಸುಗಳನ್ನೂ ಒಳಗೆ ಕಳಿಸಿದ.

ದೊಡ್ಡಕ್ಕ ಇಲ್ಲದ ಮಧ್ಯಾಹ್ನ ಮಗು ಕಳೆದುಕೊಂಡ ತಾಯಿ ಒಂದು ಬೆಳಗ್ಗೆ ಭೇದಿ ಹತ್ತಿದ ತನ್ನ ಹಿರಿಮಗಳನ್ನು ಕರೆತಂದಳು. ದೊಡ್ಡಕ್ಕ ಎದ್ದು ನಿಂತಳು. ತಾಯಿ ಅವಳ ಮುಖ ನೋಡಲಿಲ್ಲ, ಪಕ್ಕ ಸರಿದು ಚಿಕ್ಕ ನರ್ಸಿನ ಮುಂದೆ ಹೋಗಿ ಕೂತಳು. ದೊಡ್ಡಕ್ಕ ಹೋಗಿ ಕುದಿಸಿ ಆರಿಸಿದ ನೀರಿನ ಬಿಂದಿಗೆ ತಂದು ಅವರ ಬಳಿ ಇಟ್ಟು ಬಂದಳು.