ನಫೀಸಮ್ಮನ ಪೆನ್ಶನಿಗೆ ಚೆಲ್ಲಿದ ಗೋಂದು

ಬ್ಯಾಂಕಿನ ಕೌಂಟರಿನಲ್ಲಿ ದಾರ ಕಟ್ಟಿ ಇಟ್ಟಿದ್ದ ಪೆನ್ನನ್ನು ಗಜಾನನ ಮಾಷ್ಟ್ರು ಅಭ್ಯಾಸಬಲದಿಂದ ಕಿಸೆಗೆ ಸಿಕ್ಕಿಸಿಕೊಂಡು ಬಾಗಿಲ ಕಡೆಗೆ ತಿರುಗಿದರು. ದಾರದ ಇನ್ನೊಂದು ತುದಿ ಗೋಂದಿನ ಬಾಟ್ಲಿಯ ಕುತ್ತಿಗೆಗಿತ್ತು. ಮಾಷ್ಟ್ರು ಎರಡು ಹೆಜ್ಜೆ ಇಟ್ಟರು, ಬಾಟ್ಲಿಯೂ ಹೊರಟಿತು. ಆಮೇಲೆ ಅದು ಮಗುಚಿ, ಅವರೇ ಆಗಷ್ಟೇ ಕೌಂಟರಿನ ಮೇಲಿಟ್ಟಿದ್ದ ಪತ್ರದ ಮೇಲೆ ಗಳಗಳನೆ ಸುರಿಯಿತು.

"ಪೆನ್ನು ಬ್ಯಾಂಕಿನದ್ದು ಮಾಷ್ಟ್ರೇ," ಎಂದ ಅಟೆಂಡರ್ ರುಕ್ಮಯ್ಯ, ಸಾಲಿನಲ್ಲಿದ್ದವರಿಗೆಲ್ಲ ಕೇಳುವ ಹಾಗೆ.

"ಗೊತ್ತುಂಟು, ಗೊತ್ತುಂಟು," ಎನ್ನುತ್ತ ಮಾಷ್ಟ್ರು ಪೆನ್ನು ಮರಳಿಸಿ, ಪತ್ರದ ಹಾಳೆಗಳನ್ನು ಅಂಗೈಯಿಂದ ಚೆನ್ನಾಗಿ ಒತ್ತಿ ಸಮ ಮಾಡಿ, ಸ್ವೀಕೃತಿಯ ಸೀಲನ್ನೂ ಕೇಳದೆ ಹೊರಗೆ ಬಿದ್ದರು. ಮೆಲ್ಕಾರಿನ ಬಿಸಿಲು ಅವರಿಗೆ ಅಷ್ಟು ಹಿತವಾಗಿ ಹಿಂದೆಂದೂ ಕಂಡಿರಲಿಲ್ಲ.

ಆ ಪತ್ರ ನೆರೆಮನೆಯ ನಫೀಸಮ್ಮನದ್ದು. ಗಂಡ ಮಹಮ್ಮದ್ ಕುಂಞಿ ಸರಕಾರಿ ಪಶು ಆಸ್ಪತ್ರೆಯಲ್ಲಿ ಅಟೆಂಡರ್ ಆಗಿದ್ದು ತೀರಿಕೊಂಡ ಮೇಲೆ ಆಕೆಗೆ ತಿಂಗಳು ತಿಂಗಳು ಕುಟುಂಬ ಪೆನ್ಶನ್ ಬ್ಯಾಂಕಿಗೆ ಬೀಳುತ್ತಿತ್ತು. ಡಿಸೆಂಬರಿನದ್ದು ಬೀಳಲಿಲ್ಲ. 2003ರ ಹೊಸ ವರ್ಷ ಹುಟ್ಟಿ ವಾರ ಕಳೆದರೂ ಪಾಸ್‌ಬುಕ್ಕಿನಲ್ಲಿ ಹೊಸ ಸಾಲಿಲ್ಲ.

ಮನೆಯಲ್ಲಿ ಊಟಕ್ಕೆ ಕೊರತೆ ಇರಲಿಲ್ಲ. ಮಗ ನಿಝಾರ್ ಸೌದಿಯ ದಮ್ಮಾಮಿನಿಂದ ಹಣ ಕಳಿಸುತ್ತಿದ್ದ. ಆದರೆ ಅದು ಸೊಸೆ ರಾಫಿಯಾಳ ಕೈಗೆ ಬರುವ ಹಣ. ಅದರಲ್ಲಿ ಮೀನಿಗೆ ಲೆಕ್ಕ, ಸಾಬೂನಿಗೆ ಲೆಕ್ಕ, ಎಲ್ಲದಕ್ಕೂ ಲೆಕ್ಕ. ಪೆನ್ಶನ್ ಮಾತ್ರ ನಫೀಸಮ್ಮನದ್ದು. ಅದರಲ್ಲಿ ವೀಳ್ಯಕ್ಕೆ ಹೊಗೆಸೊಪ್ಪು ಬರುತ್ತಿತ್ತು, ಮೂಡುಬಿದಿರೆಯ ತಂಗಿ ಮನೆಗೆ ಮನಸ್ಸಾದಾಗ ಹೋಗಿಬರುವ ಬಸ್ಸಿನ ಖರ್ಚೂ ಬರುತ್ತಿತ್ತು, ಯಾರಿಗೂ ಜವಾಬು ಕೊಡಬೇಕಾಗಿರಲಿಲ್ಲ.

"ನಿಝಾರನಿಗೆ ಗೊತ್ತಾದರೆ ಮುಗೀತು ಮಾಷ್ಟ್ರೇ," ಎಂದಿದ್ದರು ನಫೀಸಮ್ಮ, ಜಗಲಿಯಲ್ಲಿ ಕೂತು. "'ಆ ಪೆನ್ಶನಿನ ಉಪದ್ರ ಬಿಡಿ ಉಮ್ಮ, ಬೇಕಾದ್ದನ್ನು ರಾಫಿಯಾಳ ಹತ್ರ ಕೇಳಿ' ಅಂತಾನೆ. ಹೊಗೆಸೊಪ್ಪಿಗೆ ನಾನು ಸೊಸೆಯ ಹತ್ರ ಕೈ ಚಾಚಬೇಕಾ? ನೀವು ಬ್ಯಾಂಕಿಗೆ ಒಂದು ಕಾಗದ ಬರೀರಿ. ಎರಡು ಸಾಲು ಸಾಕು."

ಎರಡು ಸಾಲು! ಗಜಾನನ ಮಾಷ್ಟ್ರು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವರು. ಅದರ ಮೇಲೆ ಹಾಸ್ಯ ಲೇಖಕರು. ಅವರ ಎರಡು ಲೇಖನಗಳು ಅಚ್ಚಾಗಿದ್ದವು, ಮೂರನೆಯದನ್ನು ಸಂಪಾದಕರು ತಾವೇ ಸ್ಟಾಂಪು ಹಚ್ಚಿ ಹಿಂದೆ ಕಳಿಸಿದ್ದರು. ಅಂಥವರು ಪೆನ್ಶನ್ ಯಾಕೆ ಬರಲಿಲ್ಲ ಎಂದು ಬ್ಯಾಂಕಿಗೆ ಹೋಗಿ ಬಾಯಲ್ಲಿ ಕೇಳುತ್ತಾರೆಯೇ? ರಾತ್ರಿ ಕೂತು ಮೂರು ಹಾಳೆ ಬರೆದರು. ಮೊದಲನೆಯದರಲ್ಲಿ ಪಶುವೈದ್ಯಕೀಯ ಇಲಾಖೆಗೆ ಮಹಮ್ಮದ್ ಕುಂಞಿಯವರ ಸೇವೆ. ಎರಡನೆಯದರಲ್ಲಿ ಪೆನ್ಶನ್ ಬಾರದ ವಿಷಯ. ಮೂರನೆಯದರಲ್ಲಿ, ಓದಿದವರ ಕಣ್ಣು ಒದ್ದೆಯಾಗಲೇಬೇಕೆಂದು, ಹೀಗೆ ಮುಗಿಸಿದರು: "ಇಂತು ತಮ್ಮ ಬ್ಯಾಂಕಿನ ಪಾಲಿಗೆ ನಫೀಸಮ್ಮ ಎಂಬ ಬಡ ವಿಧವೆ ಅಸುನೀಗಿದ್ದಾಳೆ. ಅವಳ ಆತ್ಮಕ್ಕೆ ಶಾಂತಿಯನ್ನು ಕೋರುವ ಸೌಜನ್ಯವಾದರೂ ತಮಗಿರಲಿ." ಕೆಳಗೆ ಹೆಸರು, ಮೆಲ್ಕಾರ್, ಖಾತೆ ನಂಬರು.

ಓದಿ ಹೇಳಿದಾಗ ನಫೀಸಮ್ಮ ಸ್ವಲ್ಪ ಹೊತ್ತು ವೀಳ್ಯ ಜಗಿದರು. "ಚೆಂದ ಉಂಟು. ಆದರೆ ನಾನು ಸಾಯುವುದು ಅಗತ್ಯ ಉಂಟಾ?"

"ಅದು ಅಲಂಕಾರ ನಫೀಸಮ್ಮ."

"ಹಾಗಾದರೆ ಇರಲಿ," ಎಂದು ಸಹಿ ಹಾಕಿದರು.

ಗೋಂದು ಚೆಲ್ಲಿದ ದಿನ ಪೆನ್ಶನ್ ನೋಡಿಕೊಳ್ಳುವ ಗುಮಾಸ್ತೆ ಶಶಿಪ್ರಭಾ ತಮ್ಮನ ಮದುವೆಯೆಂದು ರಜೆಯಲ್ಲಿದ್ದಳು. ಮ್ಯಾನೇಜರು ವಿಜಯವಾಡದಿಂದ ಹೊಸತಾಗಿ ಬಂದವರು, ಅವರಿಗೆ ಕನ್ನಡ ಓದಲು ಬಾರದು. ಹೀಗಾಗಿ ಪತ್ರದ ಸಾರಾಂಶ ಹೇಳುವ ಭಾರ ರುಕ್ಮಯ್ಯನ ಮೇಲೆ ಬಿತ್ತು. ಅವನು ಸಿದ್ಧಕಟ್ಟೆಯಿಂದ ಬಂದುಹೋಗುವ ಹೊಸಬ, ನಫೀಸಮ್ಮನನ್ನು ಕಂಡವನಲ್ಲ. ಮೊದಲ ಎರಡು ಹಾಳೆಗಳು ಮಾಷ್ಟ್ರ ಅಂಗೈಯ ಕೃಪೆಯಿಂದ ಬಿಡಿಸಲಾಗದಂತೆ ಒಂದಾಗಿದ್ದವು. ಮೂರನೆಯದು ಸ್ವಚ್ಛವಾಗಿತ್ತು. ರುಕ್ಮಯ್ಯ ಅದನ್ನೇ ಓದಿ, ಮುಖ ಗಂಭೀರ ಮಾಡಿ, "ಕಸ್ಟಮರ್ ಡೆತ್ ಸರ್," ಎಂದ.

ಮ್ಯಾನೇಜರು ಒಳ್ಳೆಯವರು. ಕುರ್ಚಿಯಿಂದ ಎದ್ದು ನಿಂತು ಗೌರವ ಸಲ್ಲಿಸಿ, ಖಾತೆಯಿಂದ ಯಾರೂ ಹಣ ತೆಗೆಯದಂತೆ ಗುರುತು ಹಾಕಿಸಿ, ಅದೇ ದಿನ ಆಕೆಯ ಮನೆಗೆ ಒಂದು ಪತ್ರ ರಿಜಿಸ್ಟರ್ ಪೋಸ್ಟ್ ಮಾಡಿಸಿದರು.

ಮೂರನೆಯ ದಿನ ನಫೀಸಮ್ಮ ಲಕೋಟೆ ಹಿಡಿದುಕೊಂಡು ಬಂದರು. "ಮಾಷ್ಟ್ರೇ, ಪೋಸ್ಟಿನವನು ತಲೆ ಕೆರೆದುಕೊಂಡು ಕೊಟ್ಟುಹೋದ. ನನ್ನ ವಾರಸುದಾರರಿಗೆ ಬಂದದ್ದಂತೆ. ನಾನು ಒಡೆಯಬಹುದಾ?"

ಮಾಷ್ಟ್ರು ಒಡೆದು ಓದಿದರು. ಇಂಗ್ಲಿಷಿನಲ್ಲಿತ್ತು. ದಿವಂಗತ ನಫೀಸಮ್ಮನವರ ಅಗಲಿಕೆಗೆ ಬ್ಯಾಂಕು ವಿಷಾದಿಸುತ್ತದೆ, ವಾರಸುದಾರರು ಮರಣ ಪ್ರಮಾಣಪತ್ರ ಹಾಜರುಪಡಿಸಬೇಕು. ಓದುತ್ತ ಓದುತ್ತ ಅವರ ದನಿ ಸಣ್ಣದಾಯಿತು.

"ಶಾಂತಿ ಕೋರಿದ್ದಾರಾ?" ನಫೀಸಮ್ಮ ಕೇಳಿದರು.

"ಕೋರಿದ್ದಾರೆ."

"ಒಳ್ಳೆಯ ಜನ. ನೀವು ಕೇಳಿದ್ದನ್ನು ಕೊಟ್ಟರು, ನಾನು ಕೇಳಿದ್ದನ್ನು ಕೊಡಲಿಲ್ಲ." ಆಮೇಲೆ ಮನೆಯ ಕಡೆ ನೋಡಿ ದನಿ ತಗ್ಗಿಸಿದರು. "ನಾಳೆ ಶುಕ್ರವಾರ. ಸಂಜೆ ನಿಝಾರನ ಫೋನು ಬರುತ್ತದೆ. ಪೋಸ್ಟಿನವನು ಬಂದದ್ದನ್ನು ರಾಫಿಯಾ ನೋಡಿದ್ದಾಳೆ. ಅಷ್ಟರೊಳಗೆ ನಾನು ಬದುಕಬೇಕು ಮಾಷ್ಟ್ರೇ."

ಮರುದಿನ ಮಾಷ್ಟ್ರು ಶಾಲೆಗೆ ಅರ್ಧ ದಿನ ರಜೆ ಹಾಕಿ ಬ್ಯಾಂಕಿಗೆ ಹೊರಟರು. ನಫೀಸಮ್ಮ ಪಾಸ್‌ಬುಕ್ಕು, ಗಂಡನೊಡನೆ ತೆಗೆಸಿದ ಫೋಟೋ ಇರುವ ಪೆನ್ಶನ್ ಪುಸ್ತಕ, ಎಲೆ ಡಬ್ಬಿ ಎಲ್ಲ ತೆಗೆದುಕೊಂಡು ಬಂದರು. ಶಶಿಪ್ರಭಾ ರಜೆ ಮುಗಿಸಿ ಕೂತಿದ್ದಳು.

"ಓ ನಫೀಸಮ್ಮ, ಬನ್ನಿ! ಈಗಷ್ಟೇ ನೀವು ಹೋದಿರಿ ಅಂತ ಕೇಳಿ ಬೇಜಾರು ಮಾಡ್ತಾ ಇದ್ದೆ. ನವೆಂಬರಿನಲ್ಲಿ ಬದುಕಿರುವ ಸರ್ಟಿಫಿಕೇಟ್ ಯಾಕೆ ಕೊಡಲಿಲ್ಲ? ಅದು ಕೊಡದಿದ್ದರೆ ಡಿಸೆಂಬರಿನಿಂದ ಪೆನ್ಶನ್ ನಿಲ್ಲುತ್ತದೆ ಅಲ್ವಾ?"

"ಉಪವಾಸದ ತಿಂಗಳು ಮಗಳೇ. ಹಬ್ಬ ಮುಗಿಯಲಿ ಅಂತ ಇದ್ದೆ. ಹಬ್ಬ ಮುಗಿಯಿತು, ಮರೆತೂ ಹೋಯಿತು."

"ಇಷ್ಟೇನಾ?" ಎಂದರು ಮಾಷ್ಟ್ರು.

"ಇಷ್ಟೇ. ಐದು ನಿಮಿಷದ ಕೆಲಸ. ಈ ಮೂರು ಹಾಳೆ ಬರೆದ ಪುಣ್ಯಾತ್ಮ ಯಾರು ಮಾರಾಯ್ರೆ? ಎರಡು ಹಾಳೆ ಬಿಡಿಸಲಿಕ್ಕೇ ಆಗಲಿಲ್ಲ."

ರುಕ್ಮಯ್ಯ ಮಾಷ್ಟ್ರನ್ನು ನೋಡಿದ. ಮಾಷ್ಟ್ರು ಗೋಡೆಯ ಕ್ಯಾಲೆಂಡರ್ ನೋಡಿದರು. "ಸತ್ತವರೇ ಸಹಿ ಹಾಕಿದ್ದಾರೆ, ನಿನಗೆ ಅನುಮಾನ ಬರಲಿಲ್ಲವಾ ರುಕ್ಮಯ್ಯ?" ಎಂದು ಮೆಲ್ಲಗೆ ಕೇಳಿದರು.

"ಮಾಷ್ಟ್ರು ತಂದದ್ದು ಅಂತ ನಂಬಿದೆ," ಎಂದ ಅವನು.

ಮ್ಯಾನೇಜರು ಕೋಣೆಯಿಂದ ಹೊರಗೆ ಬಂದರು. ದಿವಂಗತರು ಕುರ್ಚಿಯಲ್ಲಿ ಕೂತು ವೀಳ್ಯಕ್ಕೆ ಸುಣ್ಣ ಹಚ್ಚುತ್ತಿದ್ದುದನ್ನು ಕಂಡು ಕೈ ಮುಗಿದರು. ಪೆನ್ಶನ್ ಪುಸ್ತಕದ ಫೋಟೋವನ್ನು ಒಮ್ಮೆ, ನಫೀಸಮ್ಮನನ್ನು ಒಮ್ಮೆ ನೋಡಿ, ಒಂದು ಸಲ ಪೆಟ್ಟು ತಿಂದ ಮನುಷ್ಯನ ಎಚ್ಚರದಿಂದ, ಈ ಬಾರಿ ಫಾರಂನಲ್ಲಿ ಅಚ್ಚಾದ ಒಂದು ಅಕ್ಷರವನ್ನೂ ಬಿಡದೆ ಕೇಳಿ ತುಂಬಬೇಕೆಂದರು. ಹಾಗೆ ತುಂಬಿದರೆ ಖಾತೆಯ ಗುರುತು ಈಗಲೇ ತೆಗೆಸುತ್ತೇನೆ, ನಿಂತ ತಿಂಗಳ ಬಾಕಿಯೂ ಬರುತ್ತದೆ ಎಂದರು.

ಶಶಿಪ್ರಭಾ ಪೆನ್ನು ಎತ್ತಿಕೊಂಡಳು. ದಾರದ ಆಚೆ ತುದಿಯಲ್ಲಿ ಹೊಸ ಗೋಂದಿನ ಬಾಟ್ಲಿ ಇತ್ತು. ಮಾಷ್ಟ್ರು ಅದರಿಂದ ಎರಡು ಹೆಜ್ಜೆ ದೂರ ಸರಿದು ನಿಂತರು.

"ಬದುಕಿದ್ದಾರೆ ಅಂತ ಬರೆದೆ. ಇನ್ನೊಂದು ಉಂಟು ನಫೀಸಮ್ಮ, ಬೇಸರ ಮಾಡಬೇಡಿ, ಕುಟುಂಬ ಪೆನ್ಶನಿನವರ ಹತ್ರ ಕೇಳಲೇಬೇಕು. ನೀವು ಪುನಃ ಮದುವೆ ಆಗಿದ್ದೀರಾ?"

ನಫೀಸಮ್ಮ ವೀಳ್ಯವನ್ನು ಮಡಚಿ ಬಾಯಿಗಿಟ್ಟರು.

"ಇಲ್ಲ ಮಗಳೇ. ಈಗಿನವರೆಗೂ ಸತ್ತಿದ್ದೆ ಅಲ್ವಾ, ಪುರ್ಸೊತ್ತಾಗಲಿಲ್ಲ."