ಎಲಿವೇಷನ್ನಿನಲ್ಲಿ ಮಾತ್ರ ಇದ್ದ ಜಗಲಿ

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟವನಿಗೆ ಬೇರೆಯವರ ತಪ್ಪು ಬಲುಬೇಗ ಕಣ್ಣಿಗೆ ಬೀಳುತ್ತದೆ. ನಮ್ಮ ಹೊಸ ಮನೆಯ ಪ್ಲಾನಿಗೆ ಆಕ್ಷೇಪಣೆ ಎತ್ತಿ ಪುರಸಭೆಯಿಂದ ಹಿಂಬರಹ ಬಂದಾಗಲೂ ಅಷ್ಟೇ. ನನಗೆ ಸಿಟ್ಟು ಬಂದದ್ದು ನಕ್ಷೆ ಬರೆದುಕೊಟ್ಟ ಮೈಸೂರಿನ ಆರ್ಕಿಟೆಕ್ಟ್ ಮೇಲೆ.

ಮದ್ದೂರಿನ ಹಳೇ ಮನೆಯನ್ನು ನಮ್ಮ ತಾತ ಕಟ್ಟಿಸಿದ್ದು ಸ್ವಾತಂತ್ರ್ಯ ಬರುವ ಮುಂಚೆ. ಮುಂದೆ ಗಾಡಿ ದಾರಿ ಇದ್ದ ಕಾಲ, ಯಾರೂ ಅಳತೆ ಕೇಳುತ್ತಿರಲಿಲ್ಲ. ದಾರಿಗೆ ತಾಗಿಕೊಂಡೇ ಉದ್ದಕ್ಕೆ ಕಲ್ಲುಚಪ್ಪಡಿಯ ಜಗಲಿ ಹಾಕಿಸಿದ್ದರು. ಬೆಸಗರಹಳ್ಳಿಯಿಂದ ಸೊಸೆಯಾಗಿ ಬಂದ ನಮ್ಮವ್ವ ಆ ಜಗಲಿಯ ಮೇಲೇ ಮುದುಕಿಯಾದಳು. ಬಸ್ಸಿಗೆ ಹೊತ್ತಿದೆ ಅಂತ ಅವಳ ತವರಿನ ಕಡೆಯವರು ಅಲ್ಲೇ ಚೀಲ ಇಳಿಸಿ ಕೂರುತ್ತಿದ್ದರು. ಮನೆ ಕೆಡವಿ ಹೊಸದು ಕಟ್ಟೋಣ ಎಂದಾಗ ಅವಳು ಕೇಳಿದ್ದು ಒಂದೇ ಮಾತು: "ಜಗ್ಲಿ ಇಲ್ದಿದ್ ಮನೆಗೆ ಯಾರ್ಲಾ ಬತ್ತಾರೆ?"

ಖಾತೆ ಇದ್ದದ್ದು ಅವಳ ಹೆಸರಿನಲ್ಲಿ. ಅವಳು ಹೆಬ್ಬೆಟ್ಟು ಒತ್ತದೆ ಅರ್ಜಿ ಹೋಗುವ ಹಾಗಿರಲಿಲ್ಲ. ಮನೆಯ ಮುಂಭಾಗ ತೋರಿಸುವ ಎಲಿವೇಷನ್ ನಕ್ಷೆಯನ್ನು ನಾನು ಅವಳ ಮುಂದೆ ಹರಡಿದೆ. ಅದರಲ್ಲಿ ಜಗಲಿ ಇತ್ತು, ಮೇಲೆ ಒಂದು ಇಳಿಜಾರು ಮಾಡು ಇತ್ತು, ಮೂರು ಮೆಟ್ಟಿಲೂ ಇದ್ದವು. ಅವ್ವ ಒತ್ತಿದಳು. ಆಷಾಢ ಬರುವುದರೊಳಗೆ ಪಾಯದ ಪೂಜೆ ಆಗಲಿ ಎಂಬ ಆತುರ ನನಗೆ. ಲೈಸೆನ್ಸ್ ಕೈಗೆ ಬರುವ ಮೊದಲೇ ಹಳೇ ಮನೆಯ ಹೆಂಚು ಇಳಿಸಿ, ಗೋಡೆ ಬೀಳಿಸಿ, ಬಾಡಿಗೆ ಮನೆಗೆ ಹೋಗಿದ್ದೆವು. ಕೂಸು ಹುಟ್ಟುವ ಮುಂಚೆ ಕುಲಾವಿ!

ಪುರಸಭೆಯ ಇಂಜಿನಿಯರು ಹಾಳೆಗಳನ್ನು ಪಕ್ಕಪಕ್ಕ ಇಟ್ಟು ತೋರಿಸಿದರು. "ನೋಡಿ ಮೇಷ್ಟ್ರೇ, ಎಲಿವೇಷನ್ನಲ್ಲಿ ಜಗ್ಲಿ ಐತೆ, ಗ್ರೌಂಡ್ ಫ್ಲೋರ್ ಪ್ಲಾನಲ್ಲಿ ಇಲ್ಲ. ಕಟ್ಟೋದೇ ಆದ್ರೆ ರಸ್ತೆ ಕಡೆ ಖಾಲಿ ಬುಡಬೇಕಾದ ಸೆಟ್‌ಬ್ಯಾಕಿಗೆ ಬತ್ತದೆ. ಮೆಟ್ಲು ಚರಂಡಿ ಮ್ಯಾಲೆ ಕೂರ್ತವೆ. ತಿದ್ದಿಸ್ಕೊಂಡು ಬನ್ನಿ."

ಮನೆಗೆ ಬಂದವನೇ ಒಂದೇ ಬೆರಳಿನಲ್ಲಿ ಆರ್ಕಿಟೆಕ್ಟರಿಗೆ ಇಮೇಲ್ ಕುಟ್ಟತೊಡಗಿದೆ. 'ಒಂದು ಹಾಳೆಯಲ್ಲಿ ಇರುವುದು ಇನ್ನೊಂದರಲ್ಲಿ ಇಲ್ಲವೆಂದರೆ ಇದೆಂಥ ಕೆಲಸ?' ಇನ್ನೂ ಖಾರ ಸೇರಿಸಬೇಕೆಂದು ಅವರಿಗೆ ಹಿಂದೆ ಬರೆದಿದ್ದನ್ನು ಹುಡುಕಿದೆ. ನನ್ನದೇ ಮೇಲ್ ಎದುರಾಯಿತು: 'ಪ್ಲಾನ್ ಚೆನ್ನಾಗಿದೆ, ಅದನ್ನು ಮುಟ್ಟಬೇಡಿ. ಎಲಿವೇಷನ್ನಿನಲ್ಲಿ ಒಂದು ಜಗಲಿ ಬರೆದು ಕಳಿಸಿ ಸಾಕು. ನಮ್ಮ ತಾಯಿ ನೋಡಿ ಒಪ್ಪಬೇಕು.' ಅದರ ಕೆಳಗೆ ಅವರ ಉತ್ತರ: 'ಸರ್, ಇದು ಪಾಸಾಗುವುದು ಕಷ್ಟ.' ಅದಕ್ಕೆ ನಾನು: 'ಆಮೇಲೆ ನೋಡೋಣ.'

ಹೆತ್ತ ತಾಯಿಗೆ ನಾನು ತೋರಿಸಿದ್ದು ಮನೆಯನ್ನಲ್ಲ, ಬರೀ ಚಿತ್ರವನ್ನು. ಪ್ಲಾನಿನಲ್ಲಿ ಜಗಲಿಗೆ ಜಾಗ ಮಾಡಲು ನನ್ನ ಪುಸ್ತಕದ ಕೋಣೆ ಅಡ್ಡ ಬರುತ್ತಿತ್ತು. ಆ ಕೋಣೆಗೆ ನಾನು ರಿಟೈರ್ ಆಗುವ ಮೊದಲೇ ಬೀರುಗಳ ಅಳತೆ ತೆಗೆದಿಟ್ಟಿದ್ದೆ.

ಅವ್ವ ಬೆಳ್ಳುಳ್ಳಿ ಬಿಡಿಸುತ್ತಿದ್ದಳು. ಪಕ್ಕ ಕೂತು ಎಲ್ಲವನ್ನೂ ಹೇಳಿದೆ. ಜಗಲಿ ಬರುವುದಿಲ್ಲ ಅಂತ ನನಗೆ ಆಗಲೇ ಗೊತ್ತಿತ್ತು ಎಂದೂ ಹೇಳಿದೆ.

ಅವಳು ಕೈ ನಿಲ್ಲಿಸಲಿಲ್ಲ. "ಚಿತ್ರ ನನ್ಗೇನ್ ಗೊತ್ತಾಯ್ತದ್ಲಾ? ನಾನ್ ಹೆಬ್ಬೆಟ್ ಒತ್ತಿದ್ದು ನಿನ್ ಮೊಕ ನೋಡ್ಕಂಡು."

ನನಗೆ ಅಳು ಬಂತು, ಅರವತ್ತು ದಾಟಿದವನಿಗೆ. ಎದ್ದು ಹೋಗಿ, ಬರೆದಿದ್ದನ್ನೆಲ್ಲ ಅಳಿಸಿ ಹೊಸದಾಗಿ ಬರೆದೆ: 'ತಪ್ಪು ನನ್ನದು, ನಿಮ್ಮದಲ್ಲ. ಪುರಸಭೆಯ ಹಿಂಬರಹವನ್ನು ಜೊತೆಗೆ ಕಳಿಸಿದ್ದೇನೆ. ಮುಂದಿನ ಗೋಡೆಯನ್ನು ಐದು ಅಡಿ ಒಳಕ್ಕೆ ತೆಗೆದುಕೊಳ್ಳಿ. ಆ ಜಾಗದಲ್ಲಿ ಜಗಲಿ, ಮಾಡು, ಮೆಟ್ಟಿಲು ಮೂರೂ ಸೆಟ್‌ಬ್ಯಾಕ್ ಬಿಟ್ಟು ಒಳಗೇ ಬರಬೇಕು. ಕಡಿಮೆಯಾಗುವ ಜಾಗವನ್ನು ನನ್ನ ಪುಸ್ತಕದ ಕೋಣೆಯಿಂದ ಕಳೆಯಿರಿ, ಅವ್ವನ ಕೋಣೆ ಮುಟ್ಟಬೇಡಿ. ಪ್ಲಾನ್, ಸೆಕ್ಷನ್, ಎಲಿವೇಷನ್ ಎಲ್ಲದರಲ್ಲೂ ಒಂದೇ ಅಳತೆ ಇರಲಿ. ತಿದ್ದಿದ ಹಾಳೆಗಳಿಗೆಲ್ಲ ಸಹಿ ಹಾಕಿ ಕಳಿಸಿ.'

ಅವರು ಏನೂ ಚುಚ್ಚಿ ಬರೆಯಲಿಲ್ಲ. 'ಆಗಲಿ ಸರ್, ಕೋಣೆಯಲ್ಲಿ ಒಂದು ಬೀರು ಹಿಡಿಸುತ್ತದೆ' ಎಂದಷ್ಟೇ ಉತ್ತರ ಬಂತು. ವಾರದೊಳಗೆ ನಕ್ಷೆಗಳೂ ಬಂದವು.

ದೊಡ್ಡ ಹಾಳೆಯಲ್ಲಿ ಪ್ರಿಂಟ್ ಹಾಕಿಸಿಕೊಂಡು ಬಂದು, ಎಲಿವೇಷನ್ ಮೇಲೆ ಬರುವ ಹಾಗೆ ಅವ್ವನ ಮುಂದೆ ಇಟ್ಟೆ. "ನೋಡವ್ವ, ಜಗ್ಲಿ" ಎಂದೆ. ಅವಳು ಅದನ್ನು ಮಗುಚಿ ಪಕ್ಕಕ್ಕಿಟ್ಟಳು. ಬರೀ ಗೆರೆ, ಅಂಕಿ ತುಂಬಿದ್ದ ಕೆಳಗಿನ ಪ್ಲಾನ್ ಹಾಳೆಯ ಮೇಲೆ ನನ್ನ ಬೆರಳು ಹಿಡಿದು ಇಟ್ಟು ಕೇಳಿದಳು:

"ಇದ್ರಲ್ಲೆಲ್ಲೈತೆ, ತೋರ್ಸು."